ಮಾಟುಂಗಾದ ಕಟಿಂಗು, ನ್ಯೂಜೆರ್ಸಿಯ ಡಾಲರು

ಎಲ್ರಿಗೂ ನಮಸ್ಕಾರ. ಹಿಂದೆ ಕೂತೋರಿಗೆ ಕೇಳಿಸ್ತಿದ್ಯಾ? ಸರಿ.

ನನ್ನ ಅಕ್ಕನ ಮಗ ನ್ಯೂಜೆರ್ಸಿಲಿ ಇರೋದು, ರಜೆಗೆ ಬಂದಾಗ ಮೊದಲು ಮಾಟುಂಗಾ ಸ್ಟೇಶನ್ ಹತ್ರ ಕಟಿಂಗ್ ಮಾಡಿಸ್ಕೊಂಡೇ ಮನೆಗೆ ಬರ್ತಾನೆ, ಇಲ್ಲಿ ನೂರು ರೂಪಾಯಿ, ಅಲ್ಲಿ ಟಿಪ್ಸ್ ಸೇರಿ 25 ಡಾಲರ್ ಅಂತೆ, ಡಾಲರಿಗೆ 85 ಹಿಡಿದ್ರೂ ಎರಡು ಸಾವಿರ ದಾಟ್ತು. ಆದ್ರೆ ಫೋನ್ ಮಾತ್ರ ಅಲ್ಲಿಂದ್ಲೇ ತರ್ತಾನೆ, ಸುಂಕ ಜಿಎಸ್‌ಟಿ ಎಲ್ಲ ಸೇರಿ ಇಲ್ಲೇ ದುಬಾರಿ.

ಅಲ್ಲಿ ಒಂದು ಡಾಲರಿಗೆ ಸಿಗೋದು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತೆ ಅಂತ ಈಗ ಲೆಕ್ಕ ಹಾಕೋಣ. ಕಟಿಂಗ್ ನೋಡಿದ್ರೆ ಒಂದು ಡಾಲರಿನ ಕೆಲಸ ಇಲ್ಲಿ ನಾಲ್ಕೇ ರೂಪಾಯಿಗೆ ಆಗುತ್ತೆ. ಅಕ್ಕಿ ಇಲ್ಲಿ ಕಿಲೋಗೆ 60, ಅಲ್ಲಿ 2 ಡಾಲರ್ ಅಂತಿಟ್ಕೊಳ್ಳಿ, ಆಗ 30. ಫೋನಿಗೆ 90. ಮೂರನ್ನೂ ಕೂಡಿಸಿ ಭಾಗಿಸಿದ್ರೆ 41 ಬರುತ್ತೆ, ಆದ್ರೆ ಅದೇ ಲೆಕ್ಕನ ರೂಪಾಯಿಗೆ ಎಷ್ಟು ಡಾಲರ್ ಅಂತ ತಿರುಗಿಸಿ ಮಾಡಿ ನೋಡಿ, ಬಂದದ್ದನ್ನ ಮತ್ತೆ ಡಾಲರಿಗೆ ಎಷ್ಟು ರೂಪಾಯಿ ಅಂತ ಮಾಡಿದ್ರೆ ಉತ್ತರ 10ಕ್ಕೆ ಇಳಿಯುತ್ತೆ, ಯಾವುದನ್ನ ನಂಬೋದು ಮಾರಾಯ್ರೆ? ಅದಕ್ಕೇ ಮೂರನ್ನೂ ಗುಣಿಸಿ ಘನಮೂಲ ತೆಗೀತಾರೆ, ಯಾವ ಕಡೆಯಿಂದ ಮಾಡಿದ್ರೂ ಸುಮಾರು 22. ಪರ್ಚೇಸಿಂಗ್ ಪವರ್ ಪ್ಯಾರಿಟಿ ಅನ್ನೋದರ ತಿರುಳು ಇಷ್ಟೇ. ವಿಶ್ವ ಬ್ಯಾಂಕ್‌ನೋರು ತುಂಬಾ ಸಾಮಾನುಗಳನ್ನಿಟ್ಟು, ಜನ ಯಾವುದಕ್ಕೆ ಎಷ್ಟು ಖರ್ಚು ಮಾಡ್ತಾರೆ ಅಂತಾನೂ ನೋಡಿ ಮಾಡ್ತಾರೆ. 2017ಕ್ಕೆ ಅವರ ಲೆಕ್ಕದಲ್ಲಿ ಡಾಲರಿಗೆ 20 ರೂಪಾಯಿ ಚಿಲ್ಲರೆ, ಆ ವರ್ಷ ಬ್ಯಾಂಕಲ್ಲಿ ಡಾಲರ್ ಸುಮಾರು 65.

ಯಾಕೆ ಇಷ್ಟು ಅಂತರ? ಕತ್ತರಿ ಅದೇ, ತಲೆ ಅದೇ, ಎರಡೂ ಕಡೆ ಅರ್ಧ ಗಂಟೆ ಕೆಲಸ. ಆದ್ರೆ ಅಲ್ಲಿನ ಫ್ಯಾಕ್ಟರಿಲಿ ಒಬ್ಬ ಆಳು ಮಿಷನ್ ಇಟ್ಕೊಂಡು ಗಂಟೆಗೆ ಜಾಸ್ತಿ ಮಾಲು ತೆಗೀತಾನೆ, ಸಂಬಳಾನೂ ಜಾಸ್ತಿ, ಕಟಿಂಗ್ ಮಾಡೋನಿಗೆ ಕಮ್ಮಿ ಕೊಟ್ರೆ ಅವನು ಅಂಗಡಿ ಬಿಟ್ಟು ಅಲ್ಲಿಗೇ ಹೋಗ್ತಾನೆ, ಹಾಗಾಗಿ ಕೈಚಳಕ ಒಂದಿಷ್ಟೂ ಹೆಚ್ಚಾಗದೆ ಅವನ ಕೂಲಿ ಏರುತ್ತೆ. ಫೋನನ್ನ ಅಗ್ಗ ಇರೋ ಕಡೆಯಿಂದ ಹಡಗಲ್ಲೋ ಬ್ಯಾಗಲ್ಲೋ ತರಬಹುದು, ರೇಟು ಹತ್ತಿರ ಹತ್ತಿರ ಬರುತ್ತೆ. ಮಾಟುಂಗಾದ ಕಟಿಂಗನ್ನ ಪಾರ್ಸೆಲ್ ಕಟ್ಟಕ್ಕಾಗಲ್ಲ. ಇದನ್ನ 1964ರಲ್ಲಿ ಬಲಾಸಾ ಮತ್ತು ಸ್ಯಾಮುಯೆಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಬರೆದ್ರು, ಇಬ್ಬರ ಹೆಸರೂ ಸೇರಿಸಿ ಬಲಾಸಾ-ಸ್ಯಾಮುಯೆಲ್ಸನ್ ಪರಿಣಾಮ ಅಂತಾರೆ.

ಒಂದು ತೊಡಕಿದೆ. ಇಡೀ ದೇಶಕ್ಕೆ ಒಂದೇ ನಂಬರು, ದಾದರಿನ ಖೋಲಿ ಬಾಡಿಗೆಗೂ ಕಲಬುರಗಿಯ ಮನೆ ಬಾಡಿಗೆಗೂ ಅದೇ. ಮುಂಬೈಯಲ್ಲಿ ಬಾಡಿಗೆ ಕಟ್ಟೋರಿಗೆ ಆ 22 ಸ್ವಲ್ಪ ಸುಳ್ಳೇ ಅನ್ಸುತ್ತೆ, ನನಗಂತೂ ಅನ್ಸುತ್ತೆ. ಇನ್ನು ಕಚ್ಚಾ ತೈಲ ತರಿಸೋಕೆ ಹೋದ್ರೆ ಯಾರೂ 22ಕ್ಕೆ ಡಾಲರ್ ಕೊಡಲ್ಲ, ಬ್ಯಾಂಕಿನ ರೇಟನ್ನೇ ಎಣಿಸ್ಬೇಕು.

ನಮ್ಮಕ್ಕ ಮದುವೆ ಮನೇಲಿ ಮಗನ ಸಂಬಳ ಲಕ್ಷ ಡಾಲರ್, ಅಂದ್ರೆ 85 ಲಕ್ಷ ಅಂತಾಳೆ. ಅವನು ಅಲ್ಲೇ ಖರ್ಚು ಮಾಡಿದ್ರೆ ನಮ್ಮ ಲೆಕ್ಕದಲ್ಲಿ ಅದು ಇಲ್ಲಿನ 22 ಲಕ್ಷದ ಜೀವನ. ಊರಿಗೆ ಕಳಿಸಿದಷ್ಟು ಡಾಲರಿಗೆ ಮಾತ್ರ ಅಕ್ಕ ಹೇಳೋ ರೇಟು.