ಅಂಗಡಿಯೊಳಗೆ ಕ್ಯಾಮೆರಾ: ಅನುಮತಿ ಕೇಳುವ ಇಮೇಲ್

ಕೇಳುಗರಿಗೆ ನಮಸ್ಕಾರ.

ನಿಮ್ಮಲ್ಲಿ ಹಲವರು ಸ್ವಂತ ಚಾನೆಲ್ ನಡೆಸುತ್ತಿದ್ದೀರಿ. ಯಾವುದೋ ಅಂಗಡಿ, ಯಾವುದೋ ಕಾರ್ಯಾಗಾರ ಕಣ್ಣಿಗೆ ಬೀಳುತ್ತದೆ, ಒಳಗೆ ಹೋಗಿ ಚಿತ್ರೀಕರಿಸಬೇಕು ಎನಿಸುತ್ತದೆ. ಮಾಲೀಕರಿಗೆ ಇಮೇಲ್ ಬರೆಯುತ್ತೀರಿ. ಉತ್ತರ ಬರುವುದಿಲ್ಲ. ಅಂಥ ಪತ್ರಗಳನ್ನು ತಿದ್ದಿಕೊಡಿ ಎಂದು ಹಲವರು ನನ್ನ ಬಳಿ ತರುತ್ತಾರೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ರೀತಿ ಶುರುವಾಗುತ್ತವೆ: ನಮ್ಮ ಚಾನೆಲ್‌ಗೆ ಇಷ್ಟು ಸಾವಿರ ಚಂದಾದಾರರಿದ್ದಾರೆ, ನಿಮಗೆ ಒಳ್ಳೆಯ ಪ್ರಚಾರ ಸಿಗುತ್ತದೆ. ದಯವಿಟ್ಟು ಆ ಸಾಲನ್ನು ಅಳಿಸಿಬಿಡಿ. ಓದುವ ಮಾಲೀಕರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಇವರು ಬಂದರೆ ನನ್ನ ಕೆಲಸ ಎಷ್ಟು ಹೊತ್ತು ಕೆಡುತ್ತದೆ? ಪತ್ರದಲ್ಲಿ ಅದಕ್ಕೆ ಉತ್ತರವಿರಬೇಕು. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ನಾನು ಇದನ್ನು ಕಲಿತದ್ದು ಒಬ್ಬ ಗಡಿಯಾರ ರಿಪೇರಿಯವರಿಂದ. ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸುವುದನ್ನು ತೋರಿಸುವ ವಿಡಿಯೊ ಮಾಡಬೇಕಿತ್ತು. ಉದ್ದನೆಯ ಇಮೇಲ್ ಬರೆದೆ. ನಮ್ಮ ಹಳೆಯ ವಿಡಿಯೊಗಳ ಆರು ಕೊಂಡಿಗಳು, ಕುಶಲಕರ್ಮಿಗಳ ಮೇಲೆ ನನಗಿರುವ ಗೌರವದ ಬಗ್ಗೆ ಒಂದು ಪ್ಯಾರಾ, ಎಲ್ಲವೂ ಇದ್ದವು. ಹದಿನೈದು ದಿನ ಕಾದರೂ ಉತ್ತರವಿಲ್ಲ. ಕೊನೆಗೆ ನಾನೇ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ತಿರುಪನ್ನು ಹಿಡಿದಿದ್ದರು. ನಾನು ಬಾಗಿಲು ತಳ್ಳಿದ ರಭಸಕ್ಕೆ ಮರದ ನೆಲ ಅದುರಿತು, ತಿರುಪು ಕೆಳಗೆ ಬಿತ್ತು. ಇಬ್ಬರೂ ಮಂಡಿಯೂರಿ ಕುಳಿತು, ಅಯಸ್ಕಾಂತ ಆಡಿಸುತ್ತಾ ಇಪ್ಪತ್ತು ನಿಮಿಷ ಹುಡುಕಿದೆವು.

ಸಿಕ್ಕಿದ ಮೇಲೆ ಅವರು ನಿಧಾನವಾಗಿ ಹೇಳಿದರು: "ನಿಮ್ಮ ಪತ್ರ ಓದಿದ್ದೇನೆ. ನೀವು ಎಷ್ಟು ಜನ ಬರುತ್ತೀರಿ, ಎಲ್ಲಿ ನಿಲ್ಲುತ್ತೀರಿ, ಯಾವಾಗ ಹೋಗುತ್ತೀರಿ ಎಂದು ಅದರಲ್ಲಿ ಎಲ್ಲಿದೆ?" ಹಿಂದೆ ಇನ್ಯಾರೋ ಅರ್ಧ ಗಂಟೆ ಎಂದು ಬಂದವರು ಸಂಜೆಯವರೆಗೂ ಇದ್ದರಂತೆ. ದೀಪದ ವೈರು ಬಾಗಿಲಿಗೆ ಅಡ್ಡ ಬಿದ್ದಿತ್ತಂತೆ, ಗಿರಾಕಿಗಳು ಹೊರಗಿನಿಂದಲೇ ಹಿಂದಿರುಗಿದರಂತೆ. ಅವತ್ತು ಕೊಡಬೇಕಿದ್ದ ಮೂರು ಗಡಿಯಾರಗಳನ್ನು ಕೊಡಲಾಗಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಆ ದಿನ ಮತ್ತೆ ಬರಬಾರದು ಎಂಬ ಭಯವಿತ್ತು. ನನ್ನ ಆರು ಕೊಂಡಿಗಳು ಆ ಭಯಕ್ಕೆ ಏನು ಮಾಡಿಯಾವು?

ಅಂಗಡಿ ಯಾವಾಗ ಖಾಲಿಯಿರುತ್ತದೆ ಎಂದು ಕೇಳಿದೆ. ಬಾಗಿಲು ತೆರೆದು ಗಿರಾಕಿಗಳು ಬರುವ ತನಕದ ಒಂದೂವರೆ ಗಂಟೆ ಎಂದರು. ಮನೆಗೆ ಬಂದು ಎರಡನೆಯ ಪತ್ರ ಬರೆದೆ. ಅದನ್ನು ಓದುತ್ತೇನೆ, ಬೇಕಾದವರು ಬರೆದುಕೊಳ್ಳಿ.

ವಿಷಯ: ಮಂಗಳವಾರ ಬೆಳಿಗ್ಗೆ 8ರಿಂದ 9.30, ನಿಮ್ಮ ಅಂಗಡಿಯಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೋರಿ.

"ಮಾನ್ಯರೇ, ಗೋಡೆ ಗಡಿಯಾರದ ರಿಪೇರಿ ಕುರಿತು ಎಂಟು ನಿಮಿಷದ ವಿಡಿಯೊ ಮಾಡುತ್ತಿದ್ದೇನೆ. ನೀವು ಒಂದು ಗಡಿಯಾರ ಬಿಚ್ಚಿ ಜೋಡಿಸುವುದನ್ನು ನಿಮ್ಮ ಮೇಜಿನ ಬಳಿ ಚಿತ್ರೀಕರಿಸಲು ಅನುಮತಿ ಕೋರುತ್ತೇನೆ. ನಾವು ಬರುವುದು ಇಬ್ಬರು. ಒಂದು ಕ್ಯಾಮೆರಾ, ಒಂದು ಟ್ರೈಪಾಡ್, ಬ್ಯಾಟರಿಯ ಒಂದು ಸಣ್ಣ ದೀಪ ತರುತ್ತೇವೆ. ನಿಮ್ಮ ವಿದ್ಯುತ್ ಬಳಸುವುದಿಲ್ಲ, ನೆಲದ ಮೇಲೆ ವೈರು ಹಾಯಿಸುವುದಿಲ್ಲ. ಮೇಜಿನ ಎಡಕ್ಕೆ ಒಂದು ಕುರ್ಚಿಯಷ್ಟು ಜಾಗ ಸಾಕು. ಗಿರಾಕಿ ಬಂದರೆ ಕ್ಯಾಮೆರಾ ನಿಲ್ಲಿಸುತ್ತೇವೆ. ಗಿರಾಕಿಗಳ ಮುಖವಾಗಲಿ, ಗಡಿಯಾರಗಳಿಗೆ ಕಟ್ಟಿದ ಚೀಟಿಯ ಹೆಸರಾಗಲಿ ವಿಡಿಯೊದಲ್ಲಿ ಬರುವುದಿಲ್ಲ. ನಮ್ಮ ಕೆಲಸ ಮುಗಿಯದಿದ್ದರೂ 9.30ಕ್ಕೆ ಹೊರಡುತ್ತೇವೆ. ವಿಡಿಯೊ ನಮ್ಮ ಚಾನೆಲ್‌ನಲ್ಲಿ ಪ್ರಕಟವಾಗುತ್ತದೆ, ಅದರ ಜಾಹೀರಾತಿನಿಂದ ನಮಗೆ ಹಣ ಬರಬಹುದು. ಪ್ರಕಟಿಸುವ ಮೊದಲು ನಿಮಗೆ ತೋರಿಸಿ, ತಪ್ಪು ಮಾಹಿತಿಯಿದ್ದರೆ ತಿದ್ದುತ್ತೇನೆ. ತಮಗೆ ಸಮ್ಮತವಾದರೆ 'ಒಪ್ಪಿಗೆ' ಎಂದು ಇದಕ್ಕೆ ಉತ್ತರಿಸಿದರೆ ಸಾಕು. ಬೇರೆ ದಿನ ಅನುಕೂಲವಾದರೆ ತಿಳಿಸಿ."

ಕೆಳಗೆ ನನ್ನ ಹೆಸರು, ಫೋನ್ ಸಂಖ್ಯೆ, ಚಾನೆಲ್‌ನ ಒಂದೇ ಒಂದು ಕೊಂಡಿ. ಅದೇ ಸಂಜೆ ಉತ್ತರ ಬಂತು: "ಒಪ್ಪಿಗೆ. ಟ್ರೈಪಾಡಿನ ಕಾಲಿಗೆ ರಬ್ಬರ್ ಇರಲಿ."

ಆ ಪತ್ರದಲ್ಲಿ ಎರಡು ಸಾಲುಗಳನ್ನು ಗಮನಿಸಿ. ಮುಗಿಯದಿದ್ದರೂ ಹೊರಡುತ್ತೇವೆ ಎಂಬುದು ಮೊದಲನೆಯದು. ಒಂದೂವರೆ ಗಂಟೆ ಬೇಕು ಎನ್ನುವುದಕ್ಕೂ ಒಂದೂವರೆ ಗಂಟೆ ಮುಗಿದೊಡನೆ ಎದ್ದು ಹೋಗುತ್ತೇನೆ ಎನ್ನುವುದಕ್ಕೂ ಅಜಗಜಾಂತರ. ಹಾಗೆ ಬರೆದ ಮೇಲೆ ಹೊರಡಲೇಬೇಕು. ನಾವು ಅವತ್ತು ಪೆಂಡುಲಂ ತೂಗುವ ಹತ್ತಿರದ ದೃಶ್ಯವನ್ನು ಬಿಟ್ಟು ಹೊರಟೆವು. ಎರಡನೆಯದು, ತೋರಿಸಿ ತಿದ್ದುತ್ತೇನೆ ಎಂಬ ಸಾಲು. ತಪ್ಪು ಮಾಹಿತಿಯಿದ್ದರೆ ಎಂದು ಸ್ಪಷ್ಟವಾಗಿ ಬರೆಯಿರಿ. "ನಿಮ್ಮ ಒಪ್ಪಿಗೆಯಿಲ್ಲದೆ ಪ್ರಕಟಿಸುವುದಿಲ್ಲ" ಎಂದು ಉತ್ಸಾಹದಲ್ಲಿ ಬರೆದರೆ, ಸಂಕಲನವೆಲ್ಲ ಮುಗಿದ ಮೇಲೆ ಅವರು ಬೇಡ ಎನ್ನಬಹುದು, ಆಗ ನಿಮಗೆ ದಾರಿಯಿಲ್ಲ.

ಶಬ್ದದ ಬಗ್ಗೆಯೂ ಬರೆಯಿರಿ. ಇದನ್ನು ನಾನು ಆ ಪತ್ರದಲ್ಲಿ ಮರೆತಿದ್ದೆ. ಅವರ ಅಂಗಡಿಯಲ್ಲಿ ರೇಡಿಯೊ ಹಾಡುತ್ತಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ಫ್ಯಾನಿನ ಸದ್ದು ಮೈಕಿಗೆ ಬಿದ್ದರೆ ಮಾತು ಮಸುಕಾಗುತ್ತದೆ. ಹಾಡು ಬಿದ್ದರೆ ತೊಂದರೆ ದೊಡ್ಡದು: ಯೂಟ್ಯೂಬಿನ ಸ್ವಯಂಚಾಲಿತ ವ್ಯವಸ್ಥೆ ಹಿನ್ನೆಲೆಯ ಹಾಡನ್ನೂ ಗುರುತಿಸುತ್ತದೆ, ಆಗ ವಿಡಿಯೊದ ಆದಾಯ ಹಾಡಿನ ಹಕ್ಕುದಾರರಿಗೆ ಹೋಗಬಹುದು ಅಥವಾ ವಿಡಿಯೊ ತಡೆಹಿಡಿಯಲ್ಪಡಬಹುದು. ಅವರ ಅಂಗಡಿಯಲ್ಲಿ ಅವರ ರೇಡಿಯೊ ಆರಿಸಿ ಎನ್ನುವುದೂ ಅವರ ದಿನಕ್ಕೆ ಕೈಹಾಕಿದಂತೆಯೇ. ಹಾಗಾಗಿ ಅದನ್ನು ಹೋಗಿ ನಿಂತ ಮೇಲೆ ಕೇಳಬೇಡಿ, ಪತ್ರದಲ್ಲೇ ಕೇಳಿ: ಮಾತನಾಡುವ ಹದಿನೈದು ನಿಮಿಷ ರೇಡಿಯೊ ಮತ್ತು ಫ್ಯಾನ್ ನಿಲ್ಲಿಸಬಹುದೇ?

ಗಡಿಯಾರದ ಕಥೆಯೇ ಸಮಯವನ್ನೆಲ್ಲ ತೆಗೆದುಕೊಂಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಅಂಗಡಿಯವರು ಬಾಡಿಗೆಗಿದ್ದರೆ, ಮೆಟ್ಟಿಲು, ಪಡಸಾಲೆ, ಹೊರಗಿನ ಆವರಣ ಅವರದ್ದಾಗಿರುವುದಿಲ್ಲ. ಅಲ್ಲಿ ಕ್ಯಾಮೆರಾ ಹಿಡಿಯಲು ಕಟ್ಟಡದವರನ್ನು ಪ್ರತ್ಯೇಕವಾಗಿ ಕೇಳಬೇಕು. ಮಾಲೀಕರು ಒಪ್ಪಿದರೆಂದು ಅಲ್ಲಿನ ಕೆಲಸಗಾರರು ಒಪ್ಪಿದಂತಲ್ಲ, ಅವರನ್ನೂ ಒಬ್ಬೊಬ್ಬರಾಗಿ, ಮಾಲೀಕರು ಎದುರಿಗಿಲ್ಲದಾಗ ಕೇಳಿ. ಫೋನಿನಲ್ಲಿ ಒಪ್ಪಿಗೆ ಸಿಕ್ಕರೆ ಅದೇ ವಿವರಗಳನ್ನು ಇಮೇಲ್‌ನಲ್ಲಿ ಬರೆದು, ಸರಿ ಎಂದು ಒಂದು ಪದದ ಉತ್ತರ ತರಿಸಿಕೊಳ್ಳಿ. ಆ ಉತ್ತರವನ್ನು ಅಳಿಸಬೇಡಿ.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಒಮ್ಮೆ ಮಾತ್ರ. ಹಳೆಯ ಪತ್ರವನ್ನೇ ಮತ್ತೆ ಕಳಿಸಬೇಡಿ. "ಮಂಗಳವಾರ ಅನುಕೂಲವಾಗದಿದ್ದರೆ ಗುರುವಾರ ಅದೇ ಹೊತ್ತಿಗೆ ಬರಬಹುದು, ಒಬ್ಬನೇ ಬರುತ್ತೇನೆ, ಟ್ರೈಪಾಡ್ ತರುವುದಿಲ್ಲ" ಎಂದು ಇನ್ನಷ್ಟು ಕಡಿಮೆ ಕೇಳಿ. ಅದಕ್ಕೂ ಮೌನವೆಂದರೆ ಅವರು ಬೇಡ ಎಂದಿದ್ದಾರೆ, ಅಲ್ಲಿಗೆ ಬಿಡಿ.

ನಮಸ್ಕಾರ.