ನಿದ್ದೆಯಿಂದ ಎಬ್ಬಿಸುವ ಭೇದಿಯನ್ನು ಐಬಿಎಸ್ ಎನ್ನಬೇಡಿ

ನಮಸ್ಕಾರ, ರಾಯಚೂರಿನಿಂದ ಮಾತನಾಡುತ್ತಿದ್ದೇನೆ. ಈ ಭಾನುವಾರ ಸಕ್ಕರೆ ಕಾಯಿಲೆಯವರ ಪಾದಗಳ ಆರೈಕೆಯ ಬಗ್ಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ವಾರಕ್ಕೆ ಇಟ್ಟಿದ್ದೇನೆ, ಏಕೆಂದರೆ ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದ ಒಂದು ಸಾಲು ಮೂರು ದಿನಗಳಿಂದ ನನ್ನ ತಲೆಯಿಂದ ಹೋಗಿಲ್ಲ. ಅವರು ಬರೆದದ್ದು ಹೀಗೆ: "ಸರ್ರ, ಐಬಿಎಸ್ ಆದ್ರೇನು, ಐಬಿಡಿ ಆದ್ರೇನ್ರಿ, ಎರಡೂ ಹೊಟ್ಟಿ ಕೆಡೋದ ಅಲ್ಲೇನ್ರಿ? ಮುಂಜಾನೆ ಒಗ್ಗರಣಿ, ಸಂಜಿಗೆ ಮಿರ್ಚಿ ತಿನ್ನೋರಿಗೆಲ್ಲ ಇದ ಇರ್ತದ." ಅದಕ್ಕೆ ನಲವತ್ತಕ್ಕೂ ಹೆಚ್ಚು ಜನ ಮೆಚ್ಚುಗೆ ಒತ್ತಿದ್ದಾರೆ.

ಆ ನಲವತ್ತು ಜನರಿಗಾಗಿಯೇ ಈ ಸಂಚಿಕೆ. ಐಬಿಎಸ್ ಎಂಬುದು ಕರುಳಿನ ವರ್ತನೆ ಕೆಟ್ಟಿರುವ ಸ್ಥಿತಿ. ಅದರಲ್ಲಿ ಕರುಳಿನ ಒಳಪದರ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಕರುಳು ಮತ್ತು ಮಿದುಳಿನ ನಡುವಿನ ಸಂದೇಶಗಳು ಹದ ತಪ್ಪಿರುತ್ತವೆ. ಐಬಿಡಿ ಎಂದರೆ ಕರುಳಿನ ಗೋಡೆಯೇ ಉರಿಯೂತದಿಂದ ಹುಣ್ಣಾಗುವ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಅದರ ಎರಡು ಮುಖ್ಯ ರೂಪಗಳು. ಹೆಸರಿನಲ್ಲಿರುವ ಒಂದಕ್ಷರದ ವ್ಯತ್ಯಾಸವನ್ನು ನೀವು ಮರೆತರೂ ಚಿಂತೆಯಿಲ್ಲ, ಒಂದು ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಭೇದಿ ನಿಮ್ಮನ್ನು ಗಾಢ ನಿದ್ದೆಯಿಂದ ಎಬ್ಬಿಸುತ್ತದೆಯೇ?

ಈ ಪ್ರಶ್ನೆಯನ್ನು ಕೇಳಿದಾಗ ಬಹಳ ಜನ ತಪ್ಪಾಗಿ ಉತ್ತರಿಸುತ್ತಾರೆ. ನಸುಕಿನಲ್ಲಿ ಐದು ಗಂಟೆಗೆ ಎಚ್ಚರವಾಗಿ, ಎಚ್ಚರವಾದ ಮೇಲೆ ಹೊಟ್ಟೆ ಮುಲುಗಿ, ಸಂಡಾಸಿಗೆ ಓಡುವುದು ಬೇರೆ. ಮಲಗಿದ್ದವರನ್ನು ರಾತ್ರಿ ಎರಡು ಗಂಟೆಗೆ ಹೊಟ್ಟೆಯೇ ಬಡಿದೆಬ್ಬಿಸುವುದು ಬೇರೆ. ನಾವು ನಿದ್ದೆಹೋದಾಗ ದೊಡ್ಡ ಕರುಳಿನ ಚಲನೆಯೂ ಬಹಳಷ್ಟು ತಗ್ಗುತ್ತದೆ, ಎದ್ದ ಕೂಡಲೇ ಮತ್ತೆ ಚುರುಕಾಗುತ್ತದೆ. ಐಬಿಎಸ್ ಇರುವವರಿಗೆ ಮುಂಜಾನೆ ಒಂದರ ಮೇಲೊಂದು ಮೂರು ಸಲ ಹೋಗಬೇಕಾಗುವುದು, ಬಸ್ ಹತ್ತುವ ಮೊದಲು ಮತ್ತೊಮ್ಮೆ ಓಡಬೇಕಾಗುವುದು ಇದರಿಂದಲೇ. ಕರುಳಿನ ಗೋಡೆ ಹುಣ್ಣಾಗಿದ್ದರೆ ಹಾಗಲ್ಲ. ಹುಣ್ಣಿನಿಂದ ನೀರು, ಲೋಳೆ, ರಕ್ತ ಹಗಲು ರಾತ್ರಿಯೆನ್ನದೆ ಒಸರುತ್ತಲೇ ಇರುತ್ತವೆ, ಊದಿಕೊಂಡ ಗುದನಾಳ ಹಿಗ್ಗುವ ಶಕ್ತಿ ಕಳೆದುಕೊಂಡಿರುವುದರಿಂದ ಅಂಗೈಯಷ್ಟು ಮಲವನ್ನೂ ತಡೆದುಕೊಳ್ಳಲಾರದು. ಅದಕ್ಕೆ ನಿಮ್ಮ ನಿದ್ದೆಯ ಹಂಗಿಲ್ಲ.

ಕಳೆದ ಬೇಸಿಗೆಯಲ್ಲಿ ಸಿಂಧನೂರಿನ ಕಡೆಯ ಒಂದು ಹಳ್ಳಿಯಿಂದ ಇಪ್ಪತ್ತಾರು ವರ್ಷದ ಹುಡುಗನೊಬ್ಬ ತಾಯಿಯೊಂದಿಗೆ ಬಂದ. ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿ ಅವನು. ನಾಲ್ಕು ತಿಂಗಳಿಂದ ಭೇದಿ, ಮಲದಲ್ಲಿ ರಕ್ತ. ಒಂದು ಕಡೆ ಮೂಲವ್ಯಾಧಿ ಎಂದು ಮುಲಾಮು ಕೊಟ್ಟಿದ್ದರು, ಇನ್ನೊಂದು ಕಡೆ ಐಬಿಎಸ್ ಎಂದು ಹೇಳಿ ಹೊಟ್ಟೆನೋವಿನ ಮಾತ್ರೆ ಬರೆದಿದ್ದರು, ನಡುವೆ ಅವನೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ಪಟ್ಟಿಯನ್ನು ಮೂರು ಸಲ ತಂದು ನುಂಗಿದ್ದ. ನಾನು ರಾತ್ರಿಯ ವಿಷಯ ಕೇಳಿದಾಗ ಹುಡುಗ ನಾಚಿ ಸುಮ್ಮನಾದ. ತಾಯಿಯೇ ಹೇಳಿದರು: "ಚರಗಿ ತುಂಬಿ ಬಾಗಿಲ ಬಾಜೂಕ ಇಟ್ಟ ಮಲಗ್ತಾನ್ರಿ. ಮುಂಜಾನೆ ನೋಡಿದ್ರ ಖಾಲಿ ಇರ್ತದ್ರಿ." ನಾಲ್ಕು ತಿಂಗಳಲ್ಲಿ ಆ ಚರಿಗೆಯ ಬಗ್ಗೆ ಯಾರೂ ಅವರನ್ನು ಕೇಳಿರಲಿಲ್ಲ.

ಆ ಚರಿಗೆಯ ಮಾತು ಕೇಳಿದ ಮೇಲೆ ಉಳಿದದ್ದನ್ನೆಲ್ಲ ಒಂದೊಂದಾಗಿ ಕೇಳಿದೆ. ದಿನಕ್ಕೆ ಎಂಟು ಸಲ, ಅದರಲ್ಲಿ ಎರಡು ಮೂರು ಸಲ ರಾತ್ರಿ. ತೂಕ 58 ಕಿಲೋದಿಂದ 50ಕ್ಕೆ ಇಳಿದಿತ್ತು. ರಕ್ತ ಮಲದ ಮೇಲೆ ಪ್ರತ್ಯೇಕವಾಗಿ ಬೀಳುತ್ತಿರಲಿಲ್ಲ, ಲೋಳೆಯೊಡನೆ ಕಲೆತು ಬರುತ್ತಿತ್ತು. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಕೆಂಪಗೆ, ಮಲ ಹೋದ ಮೇಲೆ ತೊಟ್ಟಿಕ್ಕುತ್ತದೆ ಇಲ್ಲವೇ ಮಲದ ಹೊರಗೆ ಗೆರೆಯಂತೆ ಅಂಟಿರುತ್ತದೆ. ಒಳಗಿನ ಹುಣ್ಣಿನ ರಕ್ತ ಲೋಳೆಯೊಡನೆ ಬೆರೆತಿರುತ್ತದೆ, ಹೋಗಿ ಬಂದ ಮೇಲೂ ಇನ್ನೂ ಹೋಗಬೇಕು ಎನ್ನಿಸುತ್ತಲೇ ಇರುತ್ತದೆ, ಮತ್ತೆ ಕುಳಿತರೆ ಚಮಚದಷ್ಟು ಲೋಳೆ ಮಾತ್ರ ಬರುತ್ತದೆ. ಐಬಿಎಸ್‌ನಲ್ಲೂ ಲೋಳೆ ಬರಬಹುದು. ರಕ್ತ ಬರುವುದಿಲ್ಲ. ರಕ್ತ ಬಂದರೆ ಅದಕ್ಕೆ ಐಬಿಎಸ್ ಅಲ್ಲದ ಬೇರೊಂದು ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕಲೇಬೇಕು.

ಅವನ ಹಿಮೋಗ್ಲೋಬಿನ್ 8.6 ಇತ್ತು, ಪ್ಲೇಟ್ಲೆಟ್ ಐದು ಲಕ್ಷ ದಾಟಿತ್ತು, ಉರಿಯೂತ ತೋರಿಸುವ ಸಿಆರ್‌ಪಿ 38 ಇತ್ತು. ಮಲದಲ್ಲಿ ಅಮೀಬಾ ಇದೆಯೇ ಎಂದು ಮೊದಲು ನೋಡಿಸಿದೆ, ಏಕೆಂದರೆ ಅಮೀಬಾದ ಆಮಶಂಕೆ ಥೇಟ್ ಕೊಲೈಟಿಸ್‌ನಂತೆಯೇ ಕಾಣಬಲ್ಲದು, ಅದಕ್ಕೆ ತಿಳಿಯದೆ ಸ್ಟೀರಾಯ್ಡ್ ಕೊಟ್ಟರೆ ಕರುಳು ತೂತಾಗುವ ಅಪಾಯವಿದೆ. ಅಮೀಬಾ ಸಿಗಲಿಲ್ಲ. ಬಳಿಕ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದೆ.

ಈ ಕ್ಯಾಲ್‌ಪ್ರೊಟೆಕ್ಟಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದು ರಕ್ತದ ಬಿಳಿಕಣಗಳಲ್ಲಿರುವ ಒಂದು ಪ್ರೋಟೀನ್. ಕರುಳಿನ ಗೋಡೆಯಲ್ಲಿ ಉರಿಯೂತವಿದ್ದಾಗ ಬಿಳಿಕಣಗಳು ಅಲ್ಲಿಗೆ ಮುತ್ತಿಕೊಂಡು ಒಳಕ್ಕೆ ಸೋರುತ್ತವೆ, ಅವುಗಳ ಈ ಪ್ರೋಟೀನ್ ಮಲದಲ್ಲಿ ಕೆಡದೆ ಉಳಿಯುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಐಬಿಡಿ ಇರುವ ಸಾಧ್ಯತೆ ಬಹಳ ಕಡಿಮೆ. 250 ದಾಟಿದರೆ ಒಳಗೆ ಉರಿಯೂತ ನಡೆದಿದೆ ಎಂದು ಗಟ್ಟಿಯಾಗಿ ಶಂಕಿಸಬೇಕು. ನಡುವೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೂ, ಸೋಂಕಿನ ಭೇದಿ ಇದ್ದರೂ ಅಂಕಿ ಏರುತ್ತದೆ, ಆದ್ದರಿಂದ ಅದೊಂದರಿಂದಲೇ ಕಾಯಿಲೆಗೆ ಹೆಸರಿಡಲಾಗದು. ನಮ್ಮ ಹುಡುಗನದು 1,100 ಬಂತು. ಚೀಲ ಹೊತ್ತು ಬೆನ್ನು ನೋಯುತ್ತದೆಂದು ಅವನು ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಅದನ್ನು ನಿಲ್ಲಿಸಿದೆ, ಏಕೆಂದರೆ ಆ ಮಾತ್ರೆಗಳು ಇದ್ದ ಕಾಯಿಲೆಯನ್ನೂ ಕೆರಳಿಸಬಲ್ಲವು. ಆದರೆ ರಕ್ತ, ರಾತ್ರಿಯ ಭೇದಿ, ತೂಕ ಇಳಿತ ಮೂರೂ ಒಟ್ಟಿಗೆ ಇದ್ದುದರಿಂದ ಮತ್ತೊಮ್ಮೆ ಪರೀಕ್ಷೆಗೆ ಕಾಯಲಿಲ್ಲ, ಕರುಳಿನೊಳಗೆ ಕ್ಯಾಮೆರಾ ಇರುವ ನಳಿಗೆ ತೂರಿಸಿ ನೋಡುವ ಸ್ಕೋಪಿಗೆ ನೇರವಾಗಿ ಕಳಿಸಿದೆ.

ಸ್ಕೋಪಿಯ ಪರದೆಯನ್ನು ನಾನೂ ನಿಂತು ನೋಡಿದೆ. ಆರೋಗ್ಯವಂತ ಕರುಳಿನಲ್ಲಿ ತಿಳಿಗುಲಾಬಿ ಬಣ್ಣದ ಹೊಳೆಯುವ ಪದರದ ಕೆಳಗೆ ಎಲೆಯ ನರಗಳಂತೆ ಸಣ್ಣ ರಕ್ತನಾಳಗಳು ಕಾಣುತ್ತವೆ. ಇವನ ಗುದನಾಳದಿಂದಲೇ ಆ ನಾಳಗಳ ಚಿತ್ರ ಅಳಿಸಿಹೋಗಿತ್ತು. ಪದರ ಕೆಂಪಾಗಿ ಮರಳುಕಾಗದದಂತೆ ತರಿತರಿಯಾಗಿತ್ತು, ಸ್ಕೋಪಿನ ತುದಿ ತಾಕಿದಲ್ಲೆಲ್ಲ ರಕ್ತ ಜಿನುಗುತ್ತಿತ್ತು. ಎಡಭಾಗದ ಕರುಳಿನುದ್ದಕ್ಕೂ ಎಲ್ಲಿಯೂ ಬಿಡುವಿಲ್ಲದೆ ಹೀಗೆಯೇ ಇದ್ದು, ತಿರುವಿನ ಬಳಿ ಗೆರೆ ಎಳೆದಂತೆ ನಿಂತು, ಅಲ್ಲಿಂದ ಮುಂದೆ ಒಳ್ಳೆಯ ಪದರ ಇತ್ತು. ಬಯಾಪ್ಸಿಯೂ ಅದನ್ನೇ ಹೇಳಿತು: ಅಲ್ಸರೇಟಿವ್ ಕೊಲೈಟಿಸ್. ಮೆಸಲಮೀನ್ ಮಾತ್ರೆ, ರಾತ್ರಿ ಅದೇ ಔಷಧದ ಎನಿಮಾ, ಕಬ್ಬಿಣಾಂಶ ಎಲ್ಲ ಶುರುವಾಯಿತು. ಎರಡು ತಿಂಗಳ ಮೇಲೆ ಬಂದಾಗ ತಾಯಿಯನ್ನು ನಾನು ಚರಿಗೆಯ ಬಗ್ಗೆಯೇ ಮೊದಲು ಕೇಳಿದೆ. "ತುಂಬಿದ್ದು ತುಂಬಿದಂಗ ಇರ್ತದ್ರಿ" ಎಂದರು.

ಈಗ ಕೆಲವರು "ಇದು ಉಷ್ಣ, ಮಜ್ಜಿಗೆ ಕುಡಿಯಿರಿ" ಎನ್ನುತ್ತಾರೆ. ರಾಯಚೂರಿನ ಬಿಸಿಲು ನನಗೂ ಗೊತ್ತು, ಮಜ್ಜಿಗೆ ನಾನೂ ಕುಡಿಯುತ್ತೇನೆ. ಆದರೆ ಬಿಸಿಲು ರಾತ್ರಿ ಎರಡು ಗಂಟೆಗೆ ಬಂದು ಯಾರನ್ನೂ ಸಂಡಾಸಿಗೆ ಎಬ್ಬಿಸುವುದಿಲ್ಲ, ನಾಲ್ಕು ತಿಂಗಳಲ್ಲಿ ಎಂಟು ಕಿಲೋ ಇಳಿಸುವುದಿಲ್ಲ. ಮಿರ್ಚಿ ಹೊಟ್ಟೆ ಉರಿಸಬಹುದು, ಐಬಿಎಸ್ ಇರುವವರಿಗೆ ಮರುದಿನ ಕಾಟ ಕೊಡಬಹುದು, ಆದರೆ ಕರುಳಿನುದ್ದಕ್ಕೂ ಹುಣ್ಣು ಮಾಡುವುದಿಲ್ಲ.

ಇನ್ನೊಬ್ಬರು, "ನನಗೆ ವಿಪರೀತ ನೋವು ಇದೆ, ಕರುಳು ಕೆಟ್ಟೇ ಇರಬೇಕು" ಎಂದು ಬರೆದಿದ್ದರು. ನೋವಿನ ಜೋರಿನಿಂದ ಹಾನಿಯನ್ನು ಅಳೆಯಲು ಆಗುವುದಿಲ್ಲ. ಗಂಗಾವತಿ ಕಡೆಯ ಒಬ್ಬ ಶಿಕ್ಷಕಿ ಒಂಬತ್ತು ವರ್ಷಗಳಿಂದ ನೋವು ತಿನ್ನುತ್ತಿದ್ದಾರೆ, ನೋವು ಬಂದಾಗ ಪಾಠ ನಿಲ್ಲಿಸಿ ಕೂರಬೇಕಾಗುತ್ತದೆ. ಆದರೆ ಶೌಚಕ್ಕೆ ಹೋಗಿ ಬಂದರೆ ನೋವು ಇಳಿಯುತ್ತದೆ, ತೂಕ ಹಾಗೆಯೇ ಇದೆ, ರಕ್ತವಿಲ್ಲ, ರಾತ್ರಿ ಒಂದೇ ನಿದ್ದೆ. ಅವರ ಕ್ಯಾಲ್‌ಪ್ರೊಟೆಕ್ಟಿನ್ 22. ಅವರದು ಐಬಿಎಸ್. ಅವರ ನೋವು ಸುಳ್ಳಲ್ಲ, ಅದಕ್ಕೂ ಚಿಕಿತ್ಸೆ ಇದೆ, ಆದರೆ ಅವರ ಕರುಳಿನ ಗೋಡೆ ಚೆನ್ನಾಗಿದೆ. ಆ ಹಮಾಲಿ ಹುಡುಗನಿಗೆ ಹೇಳಿಕೊಳ್ಳುವಂಥ ನೋವೇ ಇರಲಿಲ್ಲ.

"ಸಕ್ಕರೆ ಕಾಯಿಲೆಯವರಿಗೂ ರಾತ್ರಿ ಭೇದಿ ಆಗುತ್ತದಲ್ಲ" ಎಂದು ಕೇಳುವವರೂ ಇದ್ದಾರೆ. ಆಗುತ್ತದೆ. ಕ್ರೋನ್ಸ್ ಇದ್ದು ರಾತ್ರಿ ನೆಮ್ಮದಿಯಾಗಿ ಮಲಗುವವರೂ ಇದ್ದಾರೆ, ಅವರಲ್ಲಿ ಜ್ವರ, ತೂಕ ಇಳಿತ, ಗುದದ ಪಕ್ಕದಲ್ಲಿ ಕೀವು ಸೋರುವ ಫಿಸ್ತುಲಾ ಇವುಗಳಿಂದ ಸುಳಿವು ಸಿಗುತ್ತದೆ. ನಮ್ಮಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನ ವೇಷದಲ್ಲಿ ಬರುವುದರಿಂದ ಬಯಾಪ್ಸಿ ಇಲ್ಲದೆ ಯಾರೂ ಸ್ಟೀರಾಯ್ಡ್‌ಗೆ ಕೈಹಾಕಬಾರದು. ಇವೆಲ್ಲವೂ ಪರೀಕ್ಷೆ ಮಾಡಿಸಬೇಕೆಂಬ ನನ್ನ ಮಾತಿಗೇ ಬಲ ಕೊಡುತ್ತವೆ. ರಾತ್ರಿಯ ಭೇದಿಗೆ ಕಾರಣ ಯಾವುದೇ ಇರಲಿ, ಅದನ್ನು ಐಬಿಎಸ್ ಎಂದು ಬರೆದು ಮನೆಗೆ ಕಳಿಸುವುದು ತಪ್ಪು. ನಾನು ಹತ್ತು ಸಲ ಹೇಳಿದರೂ ತಪ್ಪು ತಪ್ಪೇ!

ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಆಗಿರಿ, ಹೊಟ್ಟೆ ಕೆಟ್ಟಿದೆ ಎಂದು ಗುಳಿಗೆ ನುಂಗುತ್ತಿರುವ ನಿಮ್ಮ ಮನೆಯವರಿಗೆ ಇದನ್ನು ಕಳಿಸಿ. ಮುಂದಿನ ಭಾನುವಾರ ಪಾದಗಳ ಸಂಚಿಕೆ ಖಂಡಿತ ಬರುತ್ತದೆ.

ಮೊದಲು ಆ ಸಾಲು ಬರೆದವರಿಗೆ ನಾನು ಒಂದೇ ಪ್ರಶ್ನೆ ಕೇಳಿ ಉತ್ತರ ಬರೆದಿದ್ದೆ: ರಾತ್ರಿ ಏಳುತ್ತೀರಾ? ನಿನ್ನೆ ಸಂಜೆ ಅವರು, "ಎರಡ ಸಲ ಏಳ್ತೀನ್ರಿ, ಅದೇನ್ ದೊಡ್ಡದ್ರಿ" ಎಂದು ಬರೆದಿದ್ದಾರೆ. ಅಣ್ಣಾ, ನಾಳೆ ಮುಂಜಾನೆ ಮೆಡಿಕಲ್ ಶಾಪಿಗೆ ಹೋಗಬೇಡಿ. ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗೆ ಲ್ಯಾಬಿನಿಂದ ಒಂದು ಡಬ್ಬಿ ತನ್ನಿ, ಬಾದಾಮಿ ಗಾತ್ರದಷ್ಟು ಮಲ ಸಾಕು, ನೋವಿನ ಮಾತ್ರೆ ಏನಾದರೂ ನುಂಗುತ್ತಿದ್ದರೆ ಅದನ್ನು ಲ್ಯಾಬಿನವರಿಗೆ ಹೇಳಿ. ತೂಕ ನೋಡಿಸಿ, ಕಳೆದ ವರ್ಷ ಎಷ್ಟಿತ್ತೆಂದು ನೆನಪು ಮಾಡಿಕೊಳ್ಳಿ. ವರದಿ ಬಂದ ಕೂಡಲೇ ಅದನ್ನು ಹಿಡಿದುಕೊಂಡು ಹತ್ತಿರದ ವೈದ್ಯರ ಎದುರು ಕುಳಿತು, ಅವರು ಕೇಳದಿದ್ದರೂ ನೀವೇ ಮೊದಲು ರಾತ್ರಿಯ ಮಾತನ್ನು ಹೇಳಿ.