ಭೂಕಂಪದ ಪರಿಮಾಣ: ಒಂದು ಅಂಕೆ ಏರಿದರೆ ಶಕ್ತಿ ಎಷ್ಟು ಏರುತ್ತದೆ?

ಕೇಳುಗರಿಗೆ ನಮಸ್ಕಾರ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆ ಹೊಡೆಯಲು ಕೆಲವೇ ನಿಮಿಷಗಳಿದ್ದಾಗ, ನಮ್ಮ ಧಾರವಾಡದಿಂದ ಮುನ್ನೂರು ಕಿಲೋಮೀಟರಿಗಿಂತ ತುಸು ದೂರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿತು. ಆ ಭೂಕಂಪದ ಪರಿಮಾಣ 6.2. ಅದೇ ಊರಿನ ಸುತ್ತ ಹಿಂದಿನ ವರ್ಷದಿಂದಲೇ ಸಣ್ಣ ಕಂಪನಗಳು ಆಗುತ್ತಿದ್ದವು. 1992ರ ಅಕ್ಟೋಬರಿನಲ್ಲಿ ಆದ ದೊಡ್ಡ ಕಂಪನದ ಪರಿಮಾಣ ಸುಮಾರು 4 ಆಗಿತ್ತು. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಲು ಚಿಕ್ಕದು. ಆದರೆ ಆ ಅಂತರದೊಳಗೆ ಏನು ಅಡಗಿದೆ ಎಂಬುದನ್ನು ತಿಳಿಯಬೇಕಾದರೆ ಈ ಅಳತೆಯ ಹುಟ್ಟಿನಿಂದ ಆರಂಭಿಸಬೇಕು.

1935ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ಟರ್ ಒಂದು ನಿಯಮವನ್ನು ಮುಂದಿಟ್ಟರು. ಭೂಕಂಪದ ಕೇಂದ್ರದಿಂದ ನೂರು ಕಿಲೋಮೀಟರ್ ದೂರದಲ್ಲಿ ಇಟ್ಟ ಒಂದು ನಿಗದಿತ ಬಗೆಯ ಉಪಕರಣವು ಒಂದು ಮಿಲಿಮೀಟರ್ ಎತ್ತರದ ಗೆರೆಯನ್ನು ದಾಖಲಿಸಿದರೆ ಆ ಭೂಕಂಪದ ಪರಿಮಾಣ 3. ಗೆರೆ ಹತ್ತು ಮಿಲಿಮೀಟರ್ ಆದರೆ 4. ನೂರು ಮಿಲಿಮೀಟರ್ ಆದರೆ 5. ಅಂದರೆ ಇಲ್ಲಿ ಅಂಕೆಗಳು ಒಂದೊಂದಾಗಿ ಕೂಡುತ್ತ ಹೋದಂತೆ ಅಲೆಯ ಎತ್ತರ ಹತ್ತರಿಂದ ಗುಣಿಸುತ್ತ ಹೋಗುತ್ತದೆ. ಯಾರಿಗೂ ಅರಿವಾಗದ ಕಂಪನದಿಂದ ಹಿಡಿದು ಊರುಗಳನ್ನೇ ಕೆಡಹುವ ಕಂಪನದವರೆಗೆ ಎಲ್ಲವನ್ನೂ ಕೆಲವೇ ಅಂಕೆಗಳಲ್ಲಿ ಹಿಡಿಯಲು ಬೇರೆ ದಾರಿ ಇರಲಿಲ್ಲ.

ಅಲೆಯ ಎತ್ತರ ಹತ್ತು ಪಟ್ಟು ಆದರೆ ಶಕ್ತಿಯೂ ಹತ್ತು ಪಟ್ಟು ಎಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಪರಿಮಾಣದ ಒಂದು ಅಂಕೆಗೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕೆಗೆ 32ರ 32 ಪಟ್ಟು, ಅಂದರೆ ಸುಮಾರು ಸಾವಿರ ಪಟ್ಟು. ಇದಕ್ಕೆ ಕಾರಣವನ್ನು ಉಪಕರಣದ ಗೆರೆಯಲ್ಲಿ ಹುಡುಕುವುದಕ್ಕಿಂತ ನೆಲದ ಆಳದಲ್ಲಿ ಹುಡುಕುವುದು ಮೇಲು. ಭೂಕಂಪವಾಗುವಾಗ ಶಿಲೆಯೊಳಗಿನ ಬಿರುಕಿನ ಎರಡು ಬದಿಗಳು ಒಂದರ ಮೇಲೊಂದು ಜಾರುತ್ತವೆ. ದೊಡ್ಡ ಭೂಕಂಪದಲ್ಲಿ ಹೀಗೆ ಜಾರುವ ಭಾಗದ ಉದ್ದ ಹೆಚ್ಚಾಗಿರುತ್ತದೆ, ಆಳದತ್ತ ಚಾಚಿದ ಅಗಲ ಹೆಚ್ಚಾಗಿರುತ್ತದೆ, ಜಾರಿದ ದೂರವೂ ಹೆಚ್ಚಾಗಿರುತ್ತದೆ. ಪರಿಮಾಣ ಒಂದು ಅಂಕೆ ಏರಿದಾಗ ಇವು ಮೂರೂ ಸಾಮಾನ್ಯವಾಗಿ ಮೂರು ಪಟ್ಟಿಗಿಂತ ತುಸು ಹೆಚ್ಚಾಗುತ್ತವೆ, ಮತ್ತು 3.16ನ್ನು ಮೂರು ಸಲ ಗುಣಿಸಿದರೆ ಬರುವುದು ಆ 32ಕ್ಕೆ ಸಮೀಪದ ಸಂಖ್ಯೆಯೇ. ಪರಿಮಾಣ 6ರ ಭೂಕಂಪದಲ್ಲಿ ಜಾರುವ ಬಿರುಕಿನ ಉದ್ದ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂದಿಟ್ಟುಕೊಂಡರೆ, ಪರಿಮಾಣ 7ರದ್ದು ಹುಬ್ಬಳ್ಳಿಯಿಂದ ಅಣ್ಣಿಗೇರಿಯವರೆಗೆ ಚಾಚುತ್ತದೆ. ಅತಿ ದೊಡ್ಡ ಭೂಕಂಪಗಳಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಆಳಕ್ಕೆ ಹೋದಂತೆ ಬಿಸಿಯೇರಿದ ಶಿಲೆ ಮುರಿಯದೆ ಬಾಗುವುದರಿಂದ ಬಿರುಕಿನ ಅಗಲ ಒಂದು ಮಿತಿಯಲ್ಲಿ ನಿಲ್ಲುತ್ತದೆ, ಉದ್ದ ಮಾತ್ರ ಬೆಳೆಯುತ್ತ ಹೋಗುತ್ತದೆ.

ಇಂದು ದೊಡ್ಡ ಭೂಕಂಪಗಳನ್ನು ಅಳೆಯುವುದು ಈ ಜಾರಿಕೆಯ ಆಧಾರದ ಮೇಲೆಯೇ. ರಿಕ್ಟರ್ ಅವರ ವಿಧಾನ ದೊಡ್ಡ ಭೂಕಂಪಗಳ ಬಳಿ ಸೋಲುತ್ತಿತ್ತು: ಭೂಕಂಪ ಎಷ್ಟೇ ದೊಡ್ಡದಾದರೂ ಗೆರೆಯ ಎತ್ತರ ಅದಕ್ಕೆ ತಕ್ಕಂತೆ ಬೆಳೆಯುತ್ತಿರಲಿಲ್ಲ. 1979ರಲ್ಲಿ ಹ್ಯಾಂಕ್ಸ್ ಮತ್ತು ಕನಮೋರಿ ಎಂಬ ವಿಜ್ಞಾನಿಗಳು ಜಾರಿದ ಪ್ರದೇಶದ ವಿಸ್ತಾರ, ಜಾರಿದ ದೂರ, ಶಿಲೆಯ ಬಿಗಿ ಇವನ್ನು ಸೇರಿಸಿ ಹೊಸ ಮಾಪಕವನ್ನು ರೂಪಿಸಿದರು. ಹಳೆಯ ಅಂಕೆಗಳೊಂದಿಗೆ ಹೊಂದುವಂತೆಯೇ ಅದನ್ನು ಅಳವಡಿಸಿದರು. ಪತ್ರಿಕೆಗಳು ಇಂದಿಗೂ ರಿಕ್ಟರ್ ಮಾಪಕ ಎಂದೇ ಬರೆದರೂ ದೊಡ್ಡ ಭೂಕಂಪಗಳಿಗೆ ಅವು ಕೊಡುವ ಅಂಕೆ ಬಹುತೇಕ ಈ ಹೊಸ ಮಾಪಕದ್ದು.

ಈಗ ಕಿಲ್ಲಾರಿಗೆ ಮರಳೋಣ. ಪರಿಮಾಣ 4ಕ್ಕೂ 6.2ಕ್ಕೂ ಇರುವ ಅಂತರ 2.2. ಒಂದು ಅಂಕೆಗೆ ಏರುವ ಆ 32 ಪಟ್ಟು ಎಂದರೆ ಹತ್ತರ ಒಂದೂವರೆ ಘಾತ; ಆದ್ದರಿಂದ ಶಕ್ತಿಯ ಲೆಕ್ಕಕ್ಕೆ ಈ ಅಂತರವನ್ನು ಒಂದೂವರೆಯಿಂದ ಗುಣಿಸಿದರೆ 3.3, ಹತ್ತರ ಆ ಘಾತವೆಂದರೆ ಸುಮಾರು ಎರಡು ಸಾವಿರ. ಮೊದಲಿನ ಆ ದೊಡ್ಡ ಕಂಪನದಂಥವು ಎರಡು ಸಾವಿರ ಆಗಿದ್ದರೆ ಮಾತ್ರ ಸೆಪ್ಟೆಂಬರ್ ಮೂವತ್ತರ ಶಕ್ತಿಗೆ ಸಮನಾಗುತ್ತಿತ್ತು. ಸಣ್ಣ ಕಂಪನಗಳು ಆಗುತ್ತಿದ್ದರೆ ಒತ್ತಡ ಇಳಿದು ದೊಡ್ಡದು ತಪ್ಪುತ್ತದೆ ಎಂಬ ನಂಬಿಕೆ ಜನರಲ್ಲಿದೆ; ಅದನ್ನು ನಾನು ಅಪಾಯಕಾರಿ ನಂಬಿಕೆ ಎಂದೇ ಕರೆಯುತ್ತೇನೆ, ಏಕೆಂದರೆ ಈ ಲೆಕ್ಕ ಅದಕ್ಕೆ ಎಡೆ ಕೊಡುವುದಿಲ್ಲ.

ಹಾಗೆಂದು ಶಕ್ತಿ ಹೆಚ್ಚಿದ್ದಲ್ಲೆಲ್ಲ ಹಾನಿಯೂ ಅದೇ ಪ್ರಮಾಣದಲ್ಲಿ ಆಗುತ್ತದೆ ಎನ್ನಲಾಗದು. 2001ರ ಜನವರಿ 26ರ ಭುಜ್ ಭೂಕಂಪದ ಪರಿಮಾಣ 7.7, ಅದು ಬಿಡುಗಡೆ ಮಾಡಿದ ಶಕ್ತಿ ಕಿಲ್ಲಾರಿಯದಕ್ಕಿಂತ ಸುಮಾರು 180 ಪಟ್ಟು. ಸಾವಿನ ಸಂಖ್ಯೆಯಲ್ಲಿ ಅಂಥ ಅಂತರವಿರಲಿಲ್ಲ. ಕಿಲ್ಲಾರಿಯಲ್ಲಿ ಬಿರುಕು ಜಾರಿದ್ದು ಮೇಲ್ಮೈಗೆ ತೀರ ಹತ್ತಿರದಲ್ಲಿ, ಮತ್ತು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ನಿದ್ದೆಯಲ್ಲಿದ್ದವರ ಮೇಲೆ ಕುಸಿದವು.